ಗ್ರಾನೈಟ್ ತುಂಡೊಂದರಲ್ಲಿ ಏನೇನಿದೆ: ಮೊಳೆ, ಗಾಜು, ಟೈಲ್ಸ್ ಹಿಡಿದು ನೋಡಿದ್ದು

ಕಲ್ಲಿನೊಳಗಿನ ಖನಿಜ ಗುರುತಿಸುವ ನನ್ನ ಕಿಟ್ ಹಳೆಯ ಊಟದ ಡಬ್ಬಿಯೊಂದರಲ್ಲಿದೆ. ಅದರಲ್ಲಿ ಕಬ್ಬಿಣದ ಮೊಳೆ, ದಪ್ಪ ಗಾಜಿನ ತುಂಡು, ಹೊಲಿಗೆ ಸೂಜಿ, ಆಯಸ್ಕಾಂತ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್, ಹೊಲದ ಬದುವಲ್ಲಿ ಸಿಕ್ಕ ಚೂಪಾದ ಬೆಣಚುಕಲ್ಲು ಇವೆ. ಜೊತೆಗೆ ಒಂದು ಬಿಳಿ ಟೈಲ್ಸ್ ಚೂರು. ಪಾಲಿಶ್ ಇರುವ ಮುಂಭಾಗ ನಮಗೆ ಬೇಡ, ಒರಟಾದ ಹಿಂಭಾಗ ಸಾಕು. ಕೆಂಪು ಮಣ್ಣಿನ ಟೈಲ್ಸ್ ತಗೊಂಡರೆ ಉಪಯೋಗವಿಲ್ಲ, ಅದರ ಮೇಲೆ ಕಲ್ಲು ಉಜ್ಜಿದಾಗ ಬೀಳುವ ಪುಡಿಯ ಬಣ್ಣ ಗೊತ್ತಾಗುವುದಿಲ್ಲ.

ಕಲಿಯೋಕೆ ನಾನು ಆರಿಸಿಕೊಂಡಿದ್ದು ರಾಮನಗರದ ಕಡೆಯ ಗುಲಾಬಿ ಗ್ರಾನೈಟ್. ಸುಮಾರು 250 ಕೋಟಿ ವರ್ಷ ಹಳೆಯದು. ಊರಿನ ಹಳೆಯ ಹೆಸರಿಂದ ಇದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ ಹೆಸರು. ಬಂಡೆಗೆ ಸುತ್ತಿಗೆ ಹಾಕಬೇಕಿಲ್ಲ, ಕಟ್ಟಡದ ಕೆಲಸ ನಡೆಯುವ ಕಡೆ ಬಿದ್ದಿರುವ ಚೂರು ಕೇಳಿದರೆ ಕೊಡ್ತಾರೆ. ಇದರ ಕಣಗಳು ದೊಡ್ಡವು, ಕೆಲವು ಹೆಬ್ಬೆರಳಿನಷ್ಟಿರುತ್ತವೆ. ಒಂದೊಂದನ್ನೇ ಬೇರೆಬೇರೆಯಾಗಿ ಪರೀಕ್ಷೆ ಮಾಡಬಹುದು.

ಎಲ್ಲರೂ ಗಡಸುತನದಿಂದ ಶುರು ಮಾಡ್ತಾರೆ, ನಾನೂ ಅಷ್ಟೆ. ಗುಲಾಬಿ ಕಣದ ಮೇಲೆ ಮೊಳೆಯ ತುದಿಯನ್ನು ಒತ್ತಿ ಎಳೆದರೆ ಬೂದು ಗೆರೆ ಬೀಳುತ್ತದೆ. ಅದು ಕಲ್ಲಿಗೆ ಆದ ಗೀರೋ, ಮೊಳೆಯೇ ಸವೆದು ಅಂಟಿದ್ದೋ? ಹೆಬ್ಬೆರಳು ಒದ್ದೆ ಮಾಡಿ ಉಜ್ಜಿ, ಲೆನ್ಸ್‌ನಲ್ಲಿ ನೋಡಬೇಕು. ಗೆರೆ ಅಳಿಸಿಹೋಗಿ ಕಲ್ಲಲ್ಲಿ ಗೀರು ಕಾಣದಿದ್ದರೆ ಸವೆದಿದ್ದು ಮೊಳೆ. ಗಡಸುತನವನ್ನು 1ರಿಂದ 10ರವರೆಗೆ ಹೇಳುವ ಮೋಸ್ ಅಳತೆಯಲ್ಲಿ ಮೊಳೆಯ ಗಡಸುತನ 5ರ ಆಸುಪಾಸು, ಗಾಜಿನದು ಐದೂವರೆ. ಗುಲಾಬಿ ಕಣ ಫೆಲ್ಡ್‌ಸ್ಪಾರ್, ಅದು 6. ಪಕ್ಕದ ಬೂದು ಕಣ ಕ್ವಾರ್ಟ್ಜ್, ಅಂದರೆ ನಮ್ಮ ಬೆಣಚು, ಅದು 7. ಎರಡೂ ಗಾಜನ್ನು ಗೀರುತ್ತವೆ, ಎರಡಕ್ಕೂ ಮೊಳೆ ನಾಟುವುದಿಲ್ಲ. ಬೆಣಚಿನ ಚೂಪು ತುದಿಯಿಂದ ಎಳೆದರೆ ಫೆಲ್ಡ್‌ಸ್ಪಾರ್ ಮೇಲೆ ಸಣ್ಣ ಗೀರು ಬೀಳುತ್ತದೆ, ಕ್ವಾರ್ಟ್ಜ್ ಮೇಲೆ ಬೀಳುವುದು ಕಷ್ಟ. ಆದರೆ ಸಣ್ಣ ಕಣದ ಮೇಲೆ ಇದನ್ನು ಮಾಡೋದು ತುಂಬಾ ಗೋಳು.

ಅದಕ್ಕೇ ನಾನು ಗ್ರಾನೈಟ್‌ನಲ್ಲಿ ಗಡಸುತನಕ್ಕಿಂತ ಸೀಳನ್ನು, ಅಂದರೆ ಖನಿಜ ಚಪ್ಪಟೆ ಮುಖವಾಗಿ ಒಡೆಯುವ ಗುಣವನ್ನು, ಜಾಸ್ತಿ ನಂಬುತ್ತೇನೆ. ಈಗಷ್ಟೇ ಒಡೆದ ಮುಖವನ್ನು ಬಿಸಿಲಿಗೆ ಹಿಡಿದು ನಿಧಾನವಾಗಿ ಓರೆ ಮಾಡುತ್ತಾ ಹೋಗಿ. ಯಾವುದೋ ಒಂದು ಕೋನದಲ್ಲಿ ಗುಲಾಬಿ ಕಣ ಇಡೀ ಒಮ್ಮೆಗೇ ಕನ್ನಡಿಯಂತೆ ಫಳ್ಳೆನ್ನುತ್ತದೆ. ಇನ್ನೊಂಚೂರು ತಿರುಗಿಸಿದರೆ ಮಂಕು. ಅದು ಚಪ್ಪಟೆಯಾಗಿ ಸೀಳಿದ್ದಕ್ಕೆ ಗುರುತು. ಲೆನ್ಸ್ ಹಿಡಿದರೆ ಅಂಚಿನಲ್ಲಿ ಪುಟ್ಟ ಮೆಟ್ಟಿಲುಗಳು ಕಾಣುತ್ತವೆ, ಎರಡು ಸೀಳುಗಳು ಹೆಚ್ಚುಕಡಿಮೆ ಲಂಬಕೋನದಲ್ಲಿ ಸೇರಿರುತ್ತವೆ. ಕ್ವಾರ್ಟ್ಜ್ ಎಷ್ಟು ತಿರುಗಿಸಿದರೂ ಹಾಗೆ ಹೊಳೆಯುವುದಿಲ್ಲ. ಅದಕ್ಕೆ ಸೀಳೇ ಇಲ್ಲವೆನ್ನಬಹುದು. ಒಡೆದ ಜಾಗ ಬಾಗಿಬಾಗಿ, ಎಣ್ಣೆ ಸವರಿದ ಹಾಗೆ ಜಿಡ್ಡುಜಿಡ್ಡಾಗಿ ಕಾಣುತ್ತದೆ.

ಬೆಣಚು ಅಂದರೆ ಬಿಳಿ ಅಂತ ನಮ್ಮ ತಲೆಯಲ್ಲಿ ಕೂತಿರುತ್ತದೆ, ಅಲ್ವಾ? ಗ್ರಾನೈಟ್ ಒಳಗೆ ಅದು ಪಾರದರ್ಶಕ. ಹಿಂದಿನ ಕತ್ತಲು ಹಾದು ಕಂಡು ಬೂದು ಅನ್ನಿಸುತ್ತದೆ. ಹಾಲುಬಿಳಿ ಕಣ ಕಂಡರೆ ಅದು ಬಹುತೇಕ ಇನ್ನೊಂದು ಫೆಲ್ಡ್‌ಸ್ಪಾರ್, ಪ್ಲೇಜಿಯೋಕ್ಲೇಸ್. ಅದರ ಸೀಳಿದ ಮುಖದಲ್ಲಿ ರೂಲ್ ಪಟ್ಟಿಯಿಂದ ಎಳೆದಂಥ ನವಿರು ಗೆರೆಗಳು ಕಂಡರೆ ಸಂಶಯವೇ ಬೇಡ.

ಮಳೆಬಿಸಿಲಿಗೆ ಸಿಕ್ಕ ಹಳೆಯ ಮುಖದಲ್ಲಿ ಮಾತ್ರ ಇದೆಲ್ಲ ಕೈಕೊಡುತ್ತದೆ. ಅಲ್ಲಿ ಫೆಲ್ಡ್‌ಸ್ಪಾರ್ ಜೇಡಿಯಾಗುತ್ತಾ ಬಂದು ಸುಣ್ಣದಂತೆ ಮಂಕಾಗಿರುತ್ತದೆ, ಮೊಳೆ ಸಲೀಸಾಗಿ ಇಳಿಯುತ್ತದೆ. ಸುಮ್ನೆ ಗಡಸುತನ ಮಾತ್ರ ನೋಡಿದವರು ಅದನ್ನು ಮೆದು ಖನಿಜವಾದ ಕ್ಯಾಲ್ಸೈಟ್ ಅಂದುಬಿಡಬಹುದು. ಹೊಸ ಮುಖ ಒಡೆದೇ ನೋಡಬೇಕು. ಒಡೆಯುವಾಗ ಕಣ್ಣಿಗೆ ಕನ್ನಡಕ ಇರಲಿ.

ಕಪ್ಪು ಚುಕ್ಕೆಗಳಿಗೆ ಸೂಜಿ ಸಾಕು. ತುದಿ ತಾಗಿಸಿ ಎಬ್ಬಿಸಿದಾಗ ತೆಳ್ಳನೆ ಪದರ ಎದ್ದು ಬಂದರೆ ಬಯೋಟೈಟ್, ಕಾಗೆಬಂಗಾರದಲ್ಲಿ ಕಪ್ಪು ಬಗೆ. ಪದರವನ್ನು ಬಗ್ಗಿಸಿ ಬಿಟ್ಟರೆ ಮತ್ತೆ ನೆಟ್ಟಗಾಗುತ್ತದೆ. ಪದರ ಏಳದೆ, ಉದ್ದುದ್ದ ಕಡ್ಡಿಯಂತಿದ್ದು ಸೂಜಿಗೆ ಗಟ್ಟಿಯಾಗಿದ್ದರೆ ಹಾರ್ನ್‌ಬ್ಲೆಂಡ್. ಅದರ ಎರಡು ಸೀಳುಗಳ ನಡುವಿನ ಕೋನ 56 ಮತ್ತು 124 ಡಿಗ್ರಿ, ಅಂದರೆ ಓರೆ. ಕಡ್ಡಿಯ ಅಡ್ಡತುದಿ ಸಿಕ್ಕಿದರೆ ಮಾತ್ರ ಇದು ಕಾಣುತ್ತದೆ.

ಇಷ್ಟರಲ್ಲಿ ಟೈಲ್ಸ್ ಎಲ್ಲಿ ಬಂತು? ಬರಲೇ ಇಲ್ಲ. ಟೈಲ್ಸ್ ಗಡಸುತನ ಆರೂವರೆಯಿಂದ ಏಳರಷ್ಟು. ಕ್ವಾರ್ಟ್ಜ್ ಉಜ್ಜಿದರೆ ಬೀಳುವ ಬಿಳಿ ಪುಡಿ ಟೈಲ್ಸ್‌ನದೇ ಆಗಿರಬಹುದು. ಫೆಲ್ಡ್‌ಸ್ಪಾರ್ ಪುಡಿಯೂ ಬಿಳಿಯೇ. ಗ್ರಾನೈಟ್‌ಗೆ ಪುಡಿಯ ಬಣ್ಣ ಏನೂ ಹೇಳುವುದಿಲ್ಲ. ಅದು ಕೆಲಸಕ್ಕೆ ಬರುವುದು ಸಂಡೂರಿನ ಕಡೆಯ ಕಬ್ಬಿಣದ ಅದಿರಿಗೆ. ಉಕ್ಕಿನಂತೆ ಹೊಳೆಯುವ ಕಪ್ಪು ತುಂಡನ್ನು ಟೈಲ್ಸ್ ಮೇಲೆ ಎಳೆದಾಗ ಇಟ್ಟಿಗೆ ಕೆಂಪು ಗೆರೆ ಬಿದ್ದರೆ ಹೆಮಟೈಟ್. ಗೆರೆ ಕಪ್ಪಾಗಿದ್ದು ಆಯಸ್ಕಾಂತ ಗಟ್ಟಿಯಾಗಿ ಕಚ್ಚಿಕೊಂಡರೆ ಮ್ಯಾಗ್ನಟೈಟ್. ಕೆಂಪು ಗೆರೆಯೂ ಬಿದ್ದು ಆಯಸ್ಕಾಂತವೂ ಸ್ವಲ್ಪ ಹಿಡಿದರೆ ಎರಡೂ ಬೆರೆತಿವೆ ಅಂತಿಟ್ಟುಕೊಳ್ಳಿ.

ಕಣಗಳೇ ಕಾಣದ ನುಣ್ಣನೆಯ ಕರಿಕಲ್ಲಿನ ಮುಂದೆ ಈ ಡಬ್ಬಿಯ ಆಟ ನಡೆಯುವುದಿಲ್ಲ. ಮೊಳೆ ಎಳೆದರೆ ಗೀರುವುದು ಹಲವು ಖನಿಜಗಳನ್ನು ಒಟ್ಟಿಗೇ, ಸೀಳು ನೋಡೋಕೆ ಮುಖವೇ ಸಿಗದು. ಅಂಥದ್ದಕ್ಕೆ ನಾನು ಚೀಟಿಯಲ್ಲಿ ‘ಕಪ್ಪು, ಸಣ್ಣ ಕಣ’ ಅಂತಷ್ಟೇ ಬರೆದು ಅಂಟಿಸುತ್ತೇನೆ.