ಸೋಸಬೇಕೋ, ಬತ್ತಿಸಬೇಕೋ, ಹರಳುಗಟ್ಟಿಸಬೇಕೋ, ಬಟ್ಟಿ ಇಳಿಸಬೇಕೋ?

ಮಿಶ್ರಣವೊಂದರ ಹೆಸರು ಕೊಟ್ಟು, ಅದನ್ನು ಬೇರ್ಪಡಿಸುವ ವಿಧಾನ ಯಾವುದೆಂದು ಕೇಳುವ ಪ್ರಶ್ನೆ ಪ್ರೌಢಶಾಲೆಯ ವಿಜ್ಞಾನದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಅದಕ್ಕೆ ವಿದ್ಯಾರ್ಥಿಗಳು ಜೋಡಿಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತಾರೆ: ಮರಳು ಮತ್ತು ನೀರಿಗೆ ಸೋಸುವಿಕೆ, ಉಪ್ಪು ಮತ್ತು ನೀರಿಗೆ ಆವೀಕರಣ. ಈ ಜೋಡಿಗಳು ಅರ್ಧದಷ್ಟೇ ಸರಿ. ಅದೇ ಉಪ್ಪುನೀರಿನಿಂದ ನಮಗೆ ಬೇಕಾಗಿರುವುದು ಉಪ್ಪಲ್ಲ, ನೀರು ಎಂದಾದರೆ ಆವೀಕರಣದಿಂದ ಏನೂ ಪ್ರಯೋಜನವಿಲ್ಲ. ಬೇಕಾದದ್ದೇ ಹಬೆಯಾಗಿ ಹಾರಿಹೋಗಿರುತ್ತದೆ. ಆದ್ದರಿಂದ ವಿಧಾನವನ್ನು ಆರಿಸುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ಮಿಶ್ರಣದಲ್ಲಿ ಯಾವುದು ಕರಗಿದೆ, ಯಾವುದು ಕರಗಿಲ್ಲ ಎಂಬುದು ಮೊದಲನೆಯದು. ಅದರಿಂದ ನಮಗೆ ಯಾವ ಭಾಗ ಬೇಕು, ಎಷ್ಟು ಶುದ್ಧವಾಗಿ ಬೇಕು ಎಂಬುದು ಎರಡನೆಯದು.

ಇದಕ್ಕೆ ಮೈಲುತುತ್ತಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಮಲೆನಾಡು ಮತ್ತು ಕರಾವಳಿಯ ಅಡಿಕೆ ಬೆಳೆಗಾರರು ಮಳೆಗಾಲದ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಸುಣ್ಣದ ಜೊತೆ ಸೇರುವ ನೀಲಿ ಹರಳು ಇದೇ. ಪ್ರಯೋಗಶಾಲೆಯಲ್ಲಿ ಇದನ್ನು ತಾಮ್ರದ ಸಲ್ಫೇಟ್ ಎನ್ನುತ್ತಾರೆ. ಇದರ ಬಣ್ಣವೇ ಪ್ರಯೋಗದ ಸಾಕ್ಷಿ: ಎಲ್ಲಿ ನೀಲಿ ಇದೆಯೋ ಅಲ್ಲಿ ಮೈಲುತುತ್ತವಿದೆ, ಯಾವ ಹಂತದಲ್ಲಿ ಅದು ಎಲ್ಲಿಗೆ ಹೋಯಿತೆಂದು ಕಣ್ಣಿಗೇ ಕಾಣುತ್ತದೆ. ಇದು ವಿಷವಾದ್ದರಿಂದ ಅಡುಗೆಯ ಪಾತ್ರೆ, ಚಮಚಗಳನ್ನು ಬಳಸಬಾರದು, ಕೈಗವಸು ಮತ್ತು ಕನ್ನಡಕವಿಲ್ಲದೆ ಕೆಲಸ ಆರಂಭಿಸಬಾರದು. ಕಬ್ಬಿಣದ ಅಥವಾ ಅಲ್ಯೂಮಿನಿಯಂ ಪಾತ್ರೆಯಂತೂ ಬೇಡವೇ ಬೇಡ. ಆ ಲೋಹಗಳು ದ್ರಾವಣದೊಂದಿಗೆ ವರ್ತಿಸುತ್ತವೆ. ಗಾಜು ಮತ್ತು ಪಿಂಗಾಣಿ ಮಾತ್ರ ಸರಿ.

ನಮ್ಮ ಮಿಶ್ರಣದಲ್ಲಿ 30 ಗ್ರಾಂ ಮೈಲುತುತ್ತ, 8 ಗ್ರಾಂ ಮರಳು ಮತ್ತು 2 ಗ್ರಾಂ ಅಡುಗೆ ಉಪ್ಪು ಇವೆ ಎಂದಿಟ್ಟುಕೊಳ್ಳೋಣ. ಬೇಕಾಗಿರುವುದು ಶುದ್ಧ ಮೈಲುತುತ್ತದ ಹರಳುಗಳು.

ಮೊದಲು ಸೋಸುವುದು

ಮೂರೂ ಘನವಸ್ತುಗಳೇ ಆಗಿರುವುದರಿಂದ ಮಿಶ್ರಣವನ್ನು ಇದ್ದ ಹಾಗೆಯೇ ಸೋಸಲಾಗದು. ಒಂದು ಕರಗಿ ಇನ್ನೊಂದು ಕರಗದೆ ಉಳಿಯುವಂಥ ದ್ರಾವಕ ಬೇಕು, ಇಲ್ಲಿ ನೀರೇ ಸಾಕು. ಬೀಕರಿನಲ್ಲಿ 50 ಮಿಲಿಲೀಟರ್ ನೀರನ್ನು ಸುಮಾರು 70 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಮಿಶ್ರಣವನ್ನು ಹಾಕಿ, ಗಾಜಿನ ಕಡ್ಡಿಯಿಂದ ಕಲಕಬೇಕು. ಎರಡು ಮೂರು ಹನಿ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಹಾಕಿದರೆ ದ್ರಾವಣ ಮಬ್ಬಾಗದೆ ತಿಳಿಯಾಗಿ ಉಳಿಯುತ್ತದೆ. ನೀಲಿ ಹರಳುಗಳೆಲ್ಲ ಕರಗಿ, ತಳದಲ್ಲಿ ಮರಳು ಮಾತ್ರ ಉಳಿದಾಗ ಆಲಿಕೆಯಲ್ಲಿ ಫಿಲ್ಟರ್ ಪೇಪರ್ ಇಟ್ಟು, ಬಿಸಿ ಇರುವಾಗಲೇ ಸೋಸಬೇಕು. ಆಲಿಕೆಯನ್ನೂ ಮೊದಲೇ ಬಿಸಿನೀರಿನಲ್ಲಿ ಅದ್ದಿ ಬೆಚ್ಚಗೆ ಮಾಡಿಕೊಂಡಿರಬೇಕು. ತಣ್ಣಗಿನ ಆಲಿಕೆಯಾದರೆ ದ್ರಾವಣ ಅದರ ಕೊಳವೆಯಲ್ಲೇ ಹರಳುಗಟ್ಟಿ ಸೋಸುವಿಕೆ ನಿಂತುಹೋಗುತ್ತದೆ, ಮತ್ತು ನಮಗೆ ಬೇಕಾದ ವಸ್ತು ಮರಳಿನ ಜೊತೆ ಕಾಗದದ ಮೇಲೆಯೇ ಉಳಿಯುತ್ತದೆ. ಕೊನೆಗೆ 5 ಮಿಲಿಲೀಟರ್ ಬಿಸಿನೀರನ್ನು ಮರಳಿನ ಮೇಲೆ ಸುರಿದು, ಅಂಟಿಕೊಂಡ ನೀಲಿಯನ್ನು ತೊಳೆದು ಕೆಳಗಿಳಿಸಬೇಕು.

ಸೋಸಿ ಬಂದ ದ್ರವ ಎಷ್ಟೇ ತಿಳಿಯಾಗಿದ್ದರೂ ನೀಲಿಯಾಗಿಯೇ ಇರುತ್ತದೆ. ಕರಗಿದ ವಸ್ತುವಿನ ಕಣಗಳು ಕಾಗದದ ರಂಧ್ರಗಳಿಗಿಂತ ಎಷ್ಟೋ ಚಿಕ್ಕವು. ಹತ್ತು ಸಲ ಸೋಸಿದರೂ ಬಣ್ಣ ಹೋಗುವುದಿಲ್ಲ. ಸೋಸುವಿಕೆಯ ಮಿತಿ ಇಲ್ಲಿಗೆ ಮುಗಿಯಿತು: ಅದು ಕರಗದ್ದನ್ನು ಬೇರ್ಪಡಿಸುತ್ತದೆ, ಅಷ್ಟೇ. ಅಡುಗೆ ಉಪ್ಪು ಇನ್ನೂ ದ್ರಾವಣದಲ್ಲೇ ಅಡಗಿದೆ.

ಬತ್ತಿಸುವುದಕ್ಕೂ ಹರಳುಗಟ್ಟಿಸುವುದಕ್ಕೂ ಇರುವ ಅಂತರ

ಈಗ ಪಿಂಗಾಣಿ ಬಟ್ಟಲಿನಲ್ಲಿ ದ್ರಾವಣವನ್ನು ಪೂರ್ತಿ ಬತ್ತುವವರೆಗೂ ಕಾಯಿಸಿದರೆ ಆಗದೇ ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ. ಹಾಗೆ ಮಾಡಿದರೆ ಎರಡು ತೊಂದರೆಗಳಿವೆ. ನೀರು ಹೊರತು ಬೇರೇನೂ ಹಾರುವುದಿಲ್ಲವಾದ್ದರಿಂದ, ಕರಗಿದ್ದ 2 ಗ್ರಾಂ ಉಪ್ಪೂ ಮೈಲುತುತ್ತದ ಜೊತೆಗೇ ಬಟ್ಟಲಿನ ತಳದಲ್ಲಿ ಉಳಿಯುತ್ತದೆ. ಎರಡನೆಯದಾಗಿ, ಮೈಲುತುತ್ತದ ಹರಳಿನೊಳಗೇ ನೀರು ಸೇರಿಕೊಂಡಿರುತ್ತದೆ. CuSO₄·5H₂O ಎಂಬ ಸೂತ್ರದಲ್ಲಿ ಕಾಣುವ ಐದು ನೀರಿನ ಅಣುಗಳು ಇವೇ. ಒಣಗಿದ ಮೇಲೂ ಕಾಯಿಸುತ್ತಾ ಹೋದರೆ ಈ ನೀರೂ ಬಿಟ್ಟುಹೋಗಿ, ಹರಳಿನ ಆಕಾರವೂ ನೀಲಿ ಬಣ್ಣವೂ ಮಾಯವಾಗಿ ಬಿಳಿಚಿದ ಪುಡಿ ಉಳಿಯುತ್ತದೆ. ಬಟ್ಟಲಿನ ಅಂಚಿನಲ್ಲಿ ಬಿಳಿ ಪಟ್ಟಿ ಕಾಣತೊಡಗಿತೆಂದರೆ ಉರಿ ಅತಿಯಾಯಿತೆಂದು ತಿಳಿಯಬೇಕು.

ಹರಳುಗಟ್ಟಿಸುವ ವಿಧಾನ ಆಧರಿಸಿರುವುದು ಬೇರೊಂದು ಗುಣದ ಮೇಲೆ. 100 ಗ್ರಾಂ ನೀರಿನಲ್ಲಿ 20 ಡಿಗ್ರಿಯಲ್ಲಿ ಸುಮಾರು 35 ಗ್ರಾಂ ಮೈಲುತುತ್ತದ ಹರಳು ಕರಗುತ್ತದೆ; 60 ಡಿಗ್ರಿಯಲ್ಲಿ ಅದು ಸುಮಾರು 80 ಗ್ರಾಂಗೆ ಏರುತ್ತದೆ. ಅಂದರೆ ಬಿಸಿ ದ್ರಾವಣವನ್ನು ತಣಿಸಿದರೆ ಹೆಚ್ಚುವರಿ ಮೈಲುತುತ್ತ ಕರಗಿರಲಾರದೆ ಹೊರಬರುತ್ತದೆ. ಉಪ್ಪು ಹೀಗಲ್ಲ. ಅದು 20 ಡಿಗ್ರಿಯಲ್ಲಿ 36 ಗ್ರಾಂ ಕರಗಿದರೆ, ಕುದಿಯುವ ನೀರಿನಲ್ಲೂ ಕರಗುವುದು 39 ಗ್ರಾಂ ಮಾತ್ರ.

ಈ ಅಂಕಿಗಳಿಂದಲೇ ಲೆಕ್ಕ ಹಾಕಬಹುದು. ಸೋಸಿದ ದ್ರಾವಣದಲ್ಲಿ ಈಗ 55 ಗ್ರಾಂನಷ್ಟು ನೀರಿದೆ. ಬಟ್ಟಲಿನ ಸಮೇತ ತೂಗಿ, ಸಣ್ಣ ಉರಿಯಲ್ಲಿ ಕಾಯಿಸಿ, ತೂಕ 25 ಗ್ರಾಂ ಇಳಿದಾಗ ನಿಲ್ಲಿಸಿದರೆ 30 ಗ್ರಾಂ ನೀರಿನಲ್ಲಿ 30 ಗ್ರಾಂ ಮೈಲುತುತ್ತ ಉಳಿದಿರುತ್ತದೆ. ತಕ್ಕಡಿ ಇಲ್ಲದಿದ್ದರೆ ಗಾಜಿನ ಕಡ್ಡಿಯನ್ನು ದ್ರಾವಣದಲ್ಲಿ ಅದ್ದಿ ಹೊರತೆಗೆದು ಆರಲು ಬಿಡಬೇಕು. ಕಡ್ಡಿಯ ಮೇಲಿನ ಹನಿಯಲ್ಲಿ ಸಣ್ಣ ಹರಳುಗಳು ಮೂಡಿದರೆ ಇಳಿಸುವ ಹದ ಬಂದಿದೆ ಎಂದರ್ಥ. ಪಾಕದ ಎಳೆ ನೋಡುವಂತೆ ಇಲ್ಲೂ ಹದವೇ ಮುಖ್ಯ, ಆದರೆ ಬೆರಳಿನಿಂದ ಮಾತ್ರ ಮುಟ್ಟಬಾರದು.

ಬಟ್ಟಲನ್ನು ಮುಚ್ಚಿ, ಅಲುಗಾಡದ ಜಾಗದಲ್ಲಿ ಇಡಬೇಕು. ದ್ರಾವಣ 20 ಡಿಗ್ರಿಗೆ ತಣಿದಾಗ ಆ 30 ಗ್ರಾಂ ನೀರು ಹಿಡಿದಿಟ್ಟುಕೊಳ್ಳಬಲ್ಲ ಮೈಲುತುತ್ತ 10 ಗ್ರಾಂಗಿಂತ ತುಸು ಹೆಚ್ಚು ಮಾತ್ರ, ಉಳಿದ 19 ಗ್ರಾಂನಷ್ಟು ಹರಳಾಗಿ ಬೀಳುತ್ತದೆ. ಅದೇ ನೀರು ಸುಮಾರು 10 ಗ್ರಾಂ ಉಪ್ಪನ್ನು ಕರಗಿಸಿಕೊಳ್ಳಬಲ್ಲದು; ನಮ್ಮಲ್ಲಿರುವುದು ಎರಡೇ ಗ್ರಾಂ. ಆದ್ದರಿಂದ ಉಪ್ಪು ಹೊರಬರಲು ಕಾರಣವೇ ಇಲ್ಲದೆ ದ್ರಾವಣದಲ್ಲೇ ಉಳಿಯುತ್ತದೆ. ಹರಳುಗಳನ್ನು ಸೋಸಿ ತೆಗೆದು, ಅತಿ ಸ್ವಲ್ಪ ತಣ್ಣೀರಿನಿಂದ ಒಮ್ಮೆ ತೊಳೆದು, ಫಿಲ್ಟರ್ ಪೇಪರಿನ ಮಡಿಕೆಗಳ ನಡುವೆ ಒತ್ತಿ ಒಣಗಿಸಬೇಕು, ಒಲೆಯ ಮೇಲೆ ಅಲ್ಲ.

ಮೂರನೇ ಒಂದು ಭಾಗ ಮೈಲುತುತ್ತ ದ್ರಾವಣದಲ್ಲೇ ಉಳಿಯಿತಲ್ಲ ಎಂದು ಕೆಲವರಿಗೆ ಅನಿಸಬಹುದು. ಶುದ್ಧತೆಗೆ ತೆರುವ ಬೆಲೆ ಅದು. ಉಳಿದ ದ್ರಾವಣವನ್ನು ಇನ್ನಷ್ಟು ಬತ್ತಿಸಿ ಎರಡನೇ ಬಾರಿ ಹರಳು ತೆಗೆಯಬಹುದಾದರೂ, ನೀರು ಕಡಿಮೆಯಾದಷ್ಟೂ ಉಪ್ಪಿನ ಸಾಂದ್ರತೆ ಏರಿ ಎರಡನೆಯ ಹರಳುಗಳು ಮೊದಲಿನಷ್ಟು ಶುದ್ಧವಾಗಿರುವುದಿಲ್ಲ. ಆತುರಪಟ್ಟು ಬಟ್ಟಲನ್ನು ಮಂಜುಗಡ್ಡೆಯ ಮೇಲಿಟ್ಟು ಥಟ್ಟನೆ ತಣಿಸಿದವರಿಗೂ ಇದೇ ಗತಿ: ಸಕ್ಕರೆಯಷ್ಟು ಸಣ್ಣ ಹರಳುಗಳು ಗುಂಪುಗುಂಪಾಗಿ ಬಿದ್ದು, ಅವುಗಳ ಸಂದಿಯಲ್ಲಿ ಉಪ್ಪಿನ ದ್ರಾವಣ ಸಿಕ್ಕಿಕೊಳ್ಳುತ್ತದೆ.

ಹಾಗಾದರೆ ಆವೀಕರಣ ಯಾವಾಗ ಸರಿ? ತಣಿಸಿದರೂ ಹರಳು ಬೀಳದಂಥ ವಸ್ತು ಬೇಕಾದಾಗ, ಮತ್ತು ಅದು ಬಿಸಿಗೆ ಕೆಡದಿರುವಾಗ. ಉಪ್ಪು ಅಂಥದ್ದು, ಸಕ್ಕರೆ ಅಂಥದ್ದಲ್ಲ, ಬತ್ತಿಸುತ್ತಾ ಹೋದರೆ ಕರಟಿಹೋಗುತ್ತದೆ. ಕುಮಟಾ ತಾಲ್ಲೂಕಿನ ಸಾಣಿಕಟ್ಟಾದ ಉಪ್ಪಿನಾಗರಗಳಲ್ಲಿ ಬಿಸಿಲು ಮಾಡುವುದೂ ಇದನ್ನೇ. ಆದರೆ ಉಪ್ಪಿನಾಗರದಲ್ಲಿ ಸಮುದ್ರದ ನೀರನ್ನು ಪೂರ್ತಿ ಒಣಗಿಸಿದರೆ ಉಪ್ಪಿನ ಜೊತೆ ಮೆಗ್ನೀಸಿಯಂ ಲವಣಗಳೂ ಸೇರಿ ಅದು ಕಹಿಯಾಗುತ್ತದೆ. ಉಪ್ಪು ಹರಳುಗಟ್ಟಿದ ಮೇಲೆ ಉಳಿಯುವ ಕಹಿನೀರನ್ನು ಬೇರೆ ಮಾಡುವುದು ಅದಕ್ಕಾಗಿಯೇ.

ನೀರೇ ಬೇಕೆಂದರೆ

ಅದೇ ನೀಲಿ ದ್ರಾವಣದಿಂದ ಶುದ್ಧ ನೀರು ಬೇಕೆಂದರೆ ಬಟ್ಟಿ ಇಳಿಸುವುದೊಂದೇ ದಾರಿ. ಫ್ಲಾಸ್ಕಿನಲ್ಲಿ ದ್ರಾವಣದ ಜೊತೆ ಪಿಂಗಾಣಿಯ ಕೆಲವು ಚೂರುಗಳನ್ನು ಹಾಕಬೇಕು. ಅವಿಲ್ಲದಿದ್ದರೆ ದ್ರಾವಣ ಒಮ್ಮೆಲೇ ಉಕ್ಕಿ ಹಬೆಯ ದಾರಿಗೆ ಸಿಡಿಯುತ್ತದೆ. ಥರ್ಮಾಮೀಟರಿನ ಬುರುಡೆ ದ್ರವದಲ್ಲಿ ಮುಳುಗದೆ, ಹಬೆ ಪಕ್ಕದ ಕೊಳವೆಗೆ ತಿರುಗುವ ಮಟ್ಟದಲ್ಲಿ ಇರಬೇಕು, ಏಕೆಂದರೆ ನಮಗೆ ತಿಳಿಯಬೇಕಾದದ್ದು ಹೊರಹೋಗುತ್ತಿರುವ ಹಬೆಯ ಉಷ್ಣತೆ. ಹಬೆಯನ್ನು ತಣಿಸಿ ಮತ್ತೆ ನೀರಾಗಿಸುವ ಕಂಡೆನ್ಸರಿಗೆ ತಣ್ಣೀರು ಕೆಳಗಿನ ತುದಿಯಿಂದ ಒಳಬಂದು ಮೇಲಿನ ತುದಿಯಿಂದ ಹೊರಹೋಗಬೇಕು. ತಿರುವುಮುರುವಾದರೆ ಹೊರಕವಚ ನೀರಿನಿಂದ ಪೂರ್ತಿ ತುಂಬುವುದಿಲ್ಲ. ಮೊದಲ ಕೆಲವು ಹನಿಗಳನ್ನು ಬಿಟ್ಟು, ಉಳಿದದ್ದನ್ನು ಹಿಡಿದುಕೊಂಡು, ಫ್ಲಾಸ್ಕ್ ಬತ್ತುವ ಮೊದಲೇ ಉರಿ ನಿಲ್ಲಿಸಬೇಕು.

ಹಿಡಿದ ನೀರು ಬಣ್ಣವಿಲ್ಲದೆ ಇದ್ದರೆ ಕೆಲಸ ಸರಿಯಾಗಿದೆ. ಅದರಲ್ಲಿ ಎಳೆನೀಲಿ ಛಾಯೆ ಕಂಡರೆ ದ್ರಾವಣ ಸಿಡಿದು ಬಂದಿದೆ ಎಂದೇ ಅರ್ಥ. ಮತ್ತೊಮ್ಮೆ ನಿಧಾನವಾಗಿ ಇಳಿಸಬೇಕು.

ಎರಡು ದ್ರವಗಳ ಮಿಶ್ರಣಕ್ಕೂ ಈ ವಿಧಾನ ನಡೆಯುತ್ತದೆ, ಆದರೆ ಅವುಗಳ ಕುದಿಯುವ ಬಿಂದುಗಳ ನಡುವೆ ಕನಿಷ್ಠ 25 ಡಿಗ್ರಿಯಷ್ಟು ಅಂತರವಿರಬೇಕೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಅಸಿಟೋನ್ 56 ಡಿಗ್ರಿಯಲ್ಲೂ ನೀರು 100 ಡಿಗ್ರಿಯಲ್ಲೂ ಕುದಿಯುವುದರಿಂದ ಆ ಜೋಡಿ ಶಾಲೆಯ ಪ್ರಯೋಗಕ್ಕೆ ಹೊಂದುತ್ತದೆ. ಅಸಿಟೋನ್ ಬೇಗ ಹೊತ್ತಿಕೊಳ್ಳುವುದರಿಂದ ಬೆಂಕಿಯ ಬದಲು ಬಿಸಿನೀರಿನ ತೊಟ್ಟಿಯಲ್ಲಿಟ್ಟು ಕಾಯಿಸಬೇಕು. ಥರ್ಮಾಮೀಟರ್ 56ರ ಆಸುಪಾಸಿನಲ್ಲಿ ನಿಂತಿರುವಷ್ಟು ಹೊತ್ತು ಬರುವುದು ಬಹುತೇಕ ಅಸಿಟೋನ್. ಅಂಕಿ ಏರತೊಡಗಿತೆಂದರೆ ಪಾತ್ರೆ ಬದಲಿಸಬೇಕು. ಮದ್ಯಸಾರ ಕುದಿಯುವುದು 78 ಡಿಗ್ರಿಯಲ್ಲಿ, ನೀರಿಗೂ ಅದಕ್ಕೂ ಅಂತರ ಸಾಲದು. ಹಾಗಾಗಿ ಒಮ್ಮೆ ಸರಳವಾಗಿ ಬಟ್ಟಿ ಇಳಿಸಿದರೆ ಮದ್ಯಸಾರ ಹೆಚ್ಚಿರುವ ಮಿಶ್ರಣ ಸಿಗುತ್ತದೆಯೇ ಹೊರತು ಶುದ್ಧ ಮದ್ಯಸಾರವಲ್ಲ. ಭಾಗಶಃ ಬಟ್ಟಿ ಇಳಿಸುವ ಉದ್ದನೆಯ ಕೊಳವೆ ಬಳಸಿದರೂ ತೂಕದಲ್ಲಿ ಶೇಕಡಾ 95ರ ಆಸುಪಾಸಿನಲ್ಲಿ ಅದು ನಿಂತುಬಿಡುತ್ತದೆ.

ಪ್ರಯೋಗ ಮುಗಿದ ಮೇಲೆ ಉಳಿಯುವ ನೀಲಿ ದ್ರಾವಣವನ್ನು ಚರಂಡಿಗೋ ಕೆರೆಗೋ ಸುರಿಯಬಾರದು, ತಾಮ್ರ ಮೀನುಗಳಿಗೆ ವಿಷ. ಹಳೆಯ ಕಬ್ಬಿಣದ ಮೊಳೆಗಳನ್ನು ಹಾಕಿದ ಗಾಜಿನ ಜಾಡಿಯಲ್ಲಿ ಅದನ್ನು ಇಟ್ಟರೆ ತಾಮ್ರ ಕೆಂಪು ಪದರವಾಗಿ ಮೊಳೆಗೆ ಅಂಟಿ, ನೀಲಿ ಬಣ್ಣ ಇಳಿಯುತ್ತಾ ದ್ರಾವಣ ಎಳೆಹಸಿರಾಗುತ್ತದೆ. ಆ ಜಾಡಿಯ ಮೇಲೆ ಹೆಸರು ಬರೆದು ಶಿಕ್ಷಕರಿಗೆ ಒಪ್ಪಿಸಬೇಕು.