ನಾಮಿನಿ ತೀರಿಕೊಂಡ ಮೇಲೆ ಶಾಖೆಗೆ ನಾನು ಬರೆದ ಪತ್ರ: ನನ್ನ ಅನುಭವ

ಅಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು. ಅಪ್ಪನ ಒಂದು ಎಫ್‌ಡಿ ಅವಧಿ ಮುಗಿದು ತಾನಾಗಿಯೇ ನವೀಕರಣವಾಯಿತು. ಹೊಸ ರಸೀದಿ ತಂದು ನೋಡಿದರೆ ನಾಮಿನಿ ಅನ್ನುವ ಸಾಲಿನಲ್ಲಿ ಅಮ್ಮನ ಹೆಸರೇ ಇತ್ತು. ಅಪ್ಪ ಅದನ್ನು ಓದಿ, ಮಡಚಿ, ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ನಮಗೆ ಆಶ್ಚರ್ಯವಾಗಿದ್ದಕ್ಕೆ ಕಾರಣ ಇತ್ತು. ಅಮ್ಮನ ಸ್ವಂತ ಖಾತೆಯನ್ನು ಅದೇ ಶಾಖೆಯಲ್ಲಿ, ಮರಣ ಪ್ರಮಾಣಪತ್ರ ಕೊಟ್ಟೇ ಮುಚ್ಚಿಸಿದ್ದೆವು. ಬ್ಯಾಂಕಿಗೆ ವಿಷಯ ಗೊತ್ತಿದೆ, ಅವರೇ ಸರಿ ಮಾಡಿರುತ್ತಾರೆ ಅಂದುಕೊಂಡಿದ್ದೆವು. ಹಾಗೆ ಆಗುವುದಿಲ್ಲ. ಅಪ್ಪನ ಖಾತೆಯ ನಾಮಿನಿ ಯಾರಿರಬೇಕು ಅಂತ ಹೇಳುವ ಹಕ್ಕು ಅಪ್ಪನಿಗೆ ಮಾತ್ರ. ಅವರು ಬರೆದುಕೊಡುವವರೆಗೆ ದಾಖಲೆಯಲ್ಲಿ ಹಳೆಯ ಹೆಸರೇ ಉಳಿಯುತ್ತದೆ. ಆದರೆ ತೀರಿಕೊಂಡವರ ಹೆಸರಿನಿಂದ ಪ್ರಯೋಜನವಿಲ್ಲ. ಅದೊಂದೇ ಹೆಸರಿದ್ದರೆ ನಾಮಿನಿಯೇ ಇಲ್ಲದ ಖಾತೆಗೂ ಅದಕ್ಕೂ ವ್ಯತ್ಯಾಸವಿಲ್ಲ. ಮುಂದೆ ದುಡ್ಡು ಬಿಡಿಸಿಕೊಳ್ಳಲು ವಾರಸುದಾರರೆಲ್ಲ ಕಾಗದಪತ್ರ ಹಿಡಿದು ಓಡಾಡಬೇಕಾಗುತ್ತದೆ.

ಇದು 2023ರ ಮಾತು. ನಾನು ಬರೆದ ಮೊದಲ ಪತ್ರ ಮೂರೇ ಸಾಲಿನದು. ‘ನನ್ನ ಪತ್ನಿ ನಿಧನರಾಗಿದ್ದಾರೆ, ಅವರ ಬದಲು ನನ್ನ ಮಗಳನ್ನು ನಾಮಿನಿಯಾಗಿ ಮಾಡಿಕೊಳ್ಳಿ’ ಅಂತ ಬರೆದು, ಉಳಿತಾಯ ಖಾತೆಯ ಸಂಖ್ಯೆ ಹಾಕಿ, ಅಪ್ಪನ ಸಹಿ ಹಾಕಿಸಿ ಕೌಂಟರಿನಲ್ಲಿ ಕೊಟ್ಟು ಬಂದೆ. ಎರಡು ವಾರ ಬಿಟ್ಟು ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಉಳಿತಾಯ ಖಾತೆಗೆ ತಂಗಿಯ ಹೆಸರು ಬಂದಿತ್ತು. ಮೂರು ಎಫ್‌ಡಿ ಮತ್ತು ಲಾಕರಿನಲ್ಲಿ ಏನೂ ಬದಲಾಗಿರಲಿಲ್ಲ.

ತಪ್ಪು ನನ್ನದೇ. ನಾಮಿನೇಶನ್ ಅನ್ನುವುದು ಮನುಷ್ಯನಿಗಲ್ಲ, ಪ್ರತಿ ಖಾತೆಗೆ. ಅಪ್ಪನ ಎಲ್ಲ ಖಾತೆಗಳೂ ಒಂದೇ ಗ್ರಾಹಕ ಸಂಖ್ಯೆಯ ಕೆಳಗೆ ಇದ್ದರೂ ಉಳಿತಾಯ ಖಾತೆಯ ಬದಲಾವಣೆ ಎಫ್‌ಡಿಗೆ ತಾನಾಗಿ ಹೋಗುವುದಿಲ್ಲ. ಲಾಕರಿನದಂತೂ ಪೂರ್ತಿ ಬೇರೆ, ಅದರ ಫಾರಂ ಕೂಡ ಬೇರೆ.

ಎರಡನೇ ಸಲ ಬರೆಯುವ ಮೊದಲು ಪಾಸ್‌ಬುಕ್, ಎಫ್‌ಡಿ ರಸೀದಿಗಳು, ಲಾಕರ್ ಒಪ್ಪಂದ ಎಲ್ಲವನ್ನೂ ಮೇಜಿನ ಮೇಲೆ ಹರಡಿಕೊಂಡು ಕೂತೆ. ಪ್ರತಿಯೊಂದರ ಸಂಖ್ಯೆ, ಯಾರ ಯಾರ ಹೆಸರಿನಲ್ಲಿದೆ, ಈಗಿನ ನಾಮಿನಿ ಯಾರು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡೆ. ಆಗ ಇನ್ನೊಂದು ಕಣ್ಣಿಗೆ ಬಿತ್ತು. ಒಂದು ಎಫ್‌ಡಿ ಅಪ್ಪ ಮತ್ತು ಅತ್ತೆಯ ಜಂಟಿ ಹೆಸರಿನಲ್ಲಿತ್ತು. ‘ಇಬ್ಬರಲ್ಲಿ ಒಬ್ಬರು ಅಥವಾ ಬದುಕುಳಿದವರು’ ಅಂತ ಅದರ ಮೇಲೆ ಇತ್ತು. ಹಾಗಿದ್ದರೆ ಅಪ್ಪನ ಸಹಿ ಒಂದೇ ಸಾಕಲ್ವಾ ಅಂದುಕೊಂಡೆ. ಸಾಲದು. ಆ ಸೂಚನೆ ವ್ಯವಹಾರ ನಡೆಸುವುದಕ್ಕೆ. ನಾಮಿನಿ ಸೇರಿಸಲು, ತೆಗೆಯಲು, ಬದಲಿಸಲು ಜಂಟಿ ಖಾತೆದಾರರೆಲ್ಲರೂ ಸಹಿ ಹಾಕಬೇಕು. ಅತ್ತೆಯ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬಂದೆ.

ಕೊನೆಗೆ ಕೊಟ್ಟ ಪತ್ರ ಹೀಗಿತ್ತು:

ಇವರಿಗೆ,
ಶಾಖಾ ವ್ಯವಸ್ಥಾಪಕರು,
(ಬ್ಯಾಂಕಿನ ಹೆಸರು, ಶಾಖೆ)

ವಿಷಯ: ಈಗಿನ ನಾಮಿನಿ ತೀರಿಕೊಂಡಿರುವುದರಿಂದ ಹೊಸ ನಾಮಿನಿಯನ್ನು ನೋಂದಾಯಿಸುವ ಬಗ್ಗೆ. ಗ್ರಾಹಕ ಸಂಖ್ಯೆ: ______

ಮಾನ್ಯರೇ,

ಕೆಳಗಿನ ಖಾತೆಗಳಿಗೆ ನಾಮಿನಿಯಾಗಿದ್ದ ನನ್ನ ಪತ್ನಿ ಶ್ರೀಮತಿ ______ ಅವರು ದಿನಾಂಕ ______ರಂದು ತೀರಿಕೊಂಡಿದ್ದಾರೆ. ಅವರ ಹೆಸರಿನಲ್ಲಿರುವ ನಾಮಿನೇಶನ್ ರದ್ದುಪಡಿಸಿ, ಅದರ ಬದಲು ನನ್ನ ಮಗಳು ಶ್ರೀಮತಿ ______ (ಹುಟ್ಟಿದ ದಿನಾಂಕ ______, ವಿಳಾಸ ______) ಅವರನ್ನು ನಾಮಿನಿಯಾಗಿ ನೋಂದಾಯಿಸಬೇಕಾಗಿ ಕೋರುತ್ತೇನೆ.

1. ಉಳಿತಾಯ ಖಾತೆ ಸಂಖ್ಯೆ ______ (ಈಗಾಗಲೇ ಬದಲಾಗಿದೆ, ದಯವಿಟ್ಟು ಖಚಿತಪಡಿಸಿ)
2. ಎಫ್‌ಡಿ ಸಂಖ್ಯೆ ______
3. ಎಫ್‌ಡಿ ಸಂಖ್ಯೆ ______
4. ಎಫ್‌ಡಿ ಸಂಖ್ಯೆ ______ (ಜಂಟಿ, ಇಬ್ಬರೂ ಸಹಿ ಮಾಡಿದ್ದೇವೆ)
5. ಲಾಕರ್ ಸಂಖ್ಯೆ ______ (ಪ್ರತ್ಯೇಕ ಫಾರಂ ಲಗತ್ತಿಸಿದೆ)

ಪ್ರತಿ ಖಾತೆಗೂ ಭರ್ತಿ ಮಾಡಿದ ಫಾರಂ ಮತ್ತು ಮರಣ ಪ್ರಮಾಣಪತ್ರದ ಪ್ರತಿಯನ್ನು ಲಗತ್ತಿಸಿದ್ದೇನೆ. ನೋಂದಣಿಯಾದ ಮೇಲೆ ಲಿಖಿತ ಸ್ವೀಕೃತಿ ಕೊಡಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
(ಸಹಿ, ದಿನಾಂಕ, ಮೊಬೈಲ್ ಸಂಖ್ಯೆ)

ಮೊದಲ ಸಲ ಉಳಿತಾಯ ಖಾತೆಗೆ ಪತ್ರದ ಮೇಲೆಯೇ ಹೆಸರು ಬದಲಿಸಿದ್ದರೂ, ನಿಯಮದ ಪ್ರಕಾರ ಪತ್ರ ಒಂದೇ ಸಾಕಾಗುವುದಿಲ್ಲ, ನಿಗದಿತ ಫಾರಂ ಬೇಕೇ ಬೇಕು. ಆಗ ಠೇವಣಿಗಳಿಗೆ ಹೊಸ ನಾಮಿನಿ ಹಾಕಲು ಡಿಎ 1, ರದ್ದು ಮಾಡಲು ಡಿಎ 2, ಬದಲಿಸಲು ಡಿಎ 3 ಅಂತ ಇದ್ದವು. ನಮ್ಮ ಕೆಲಸಕ್ಕೆ ಡಿಎ 3 ಸರಿಯಾದದ್ದು, ಯಾಕೆಂದರೆ ಹಳೆಯದನ್ನು ರದ್ದು ಮಾಡಿ ಹೊಸಬರನ್ನು ಸೇರಿಸುವುದು ಎರಡೂ ಅದರಲ್ಲೇ ಆಗುತ್ತಿತ್ತು. ಹಾಗಾದರೆ ಪತ್ರ ಯಾಕೆ ಅಂತ ಕೇಳಬಹುದು. ಎಷ್ಟು ಖಾತೆಗೆ ಎಷ್ಟು ಫಾರಂ ಕೊಟ್ಟಿದ್ದೇವೆ ಅನ್ನುವ ಪಟ್ಟಿ ಒಂದೇ ಕಡೆ ಇರುವುದು ಪತ್ರದಲ್ಲಿ ಮಾತ್ರ. ಒಂದು ಫಾರಂ ಎಲ್ಲೋ ಸೇರಿಹೋದರೂ ಪತ್ರದ ಪ್ರತಿ ನಮ್ಮ ಕೈಯಲ್ಲಿರುತ್ತದೆ.

ಆ ಪ್ರತಿಯ ಮೇಲೆ ಶಾಖೆಯ ಸೀಲು, ದಿನಾಂಕ, ಪಡೆದವರ ಸಹಿ ಹಾಕಿಸಿಕೊಳ್ಳಿ. ನಾನು ಮೊದಲ ಸಲ ಹಾಕಿಸಿರಲಿಲ್ಲ. ಎರಡನೇ ಸಲ ‘ಬಿಟ್ಟು ಹೋಗಿ, ಮಾಡ್ತೀವಿ’ ಅಂದರು. ‘ಸೀಲು ಹಾಕಿಕೊಡಿ ಸರ್, ಅಪ್ಪ ಕೇಳ್ತಾರೆ’ ಅಂದೆ, ಹಾಕಿಕೊಟ್ಟರು. ಸೀಲು ಬಿದ್ದರೆ ಪತ್ರ ತಲುಪಿದೆ ಅಂತ ಮಾತ್ರ ಅರ್ಥ. ನಾಮಿನಿ ನೋಂದಣಿಯಾಗಿದೆ ಅನ್ನುವ ಸ್ವೀಕೃತಿ ಬೇರೆ. ಅದನ್ನು ಕೊಡುವುದು ಬ್ಯಾಂಕಿನ ಕರ್ತವ್ಯ, ಕೇಳಲು ಸಂಕೋಚ ಬೇಡ.

ಅಲ್ಲಿ ಒಂದು ತೊಡಕಾಯಿತು. ಅಪ್ಪನಿಗೆ ಈಗ ಕೈ ನಡುಗುತ್ತದೆ. ಬ್ಯಾಂಕಿನಲ್ಲಿದ್ದ ಮಾದರಿ ಸಹಿ ತುಂಬಾ ವರ್ಷ ಹಿಂದಿನದು. ಹೋಲುತ್ತಿಲ್ಲ ಅಂತ ಫಾರಂಗಳು ವಾಪಸ್ ಬಂದವು. ಅಪ್ಪನನ್ನೇ ಕರೆದುಕೊಂಡು ಹೋದೆ. ಅಧಿಕಾರಿಯ ಎದುರಿಗೇ ಹೊಸ ಮಾದರಿ ಸಹಿ ಕೊಟ್ಟರು, ಆಮೇಲೆ ಅದೇ ಸಹಿಯಲ್ಲಿ ಫಾರಂಗಳಿಗೂ ಹಾಕಿದರು. ಪ್ರತಿ ಸಹಿಗೂ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿ ಹಿಡಿದುಕೊಳ್ಳುತ್ತಿದ್ದರು. ಸಹಿ ಹಾಕಲು ಆಗದೇ ಹೋದರೆ ಹೆಬ್ಬೆಟ್ಟು ಒತ್ತಬಹುದು, ಆಗ ಇಬ್ಬರು ಸಾಕ್ಷಿಗಳ ಸಹಿ ಬೇಕು. ಸಹಿ ಹಾಕುವವರಿಗೆ ಸಾಕ್ಷಿ ಬೇಕಿಲ್ಲ. ಗೊತ್ತಿಲ್ಲದೆ ಕೆಲವರು ಎಲ್ಲರಿಂದಲೂ ಕೇಳುತ್ತಾರೆ.

ತಂಗಿಯ ಒಪ್ಪಿಗೆ ಅಥವಾ ಸಹಿಯನ್ನು ಯಾರೂ ಕೇಳಲಿಲ್ಲ, ಅದರ ಅಗತ್ಯವೂ ಇಲ್ಲ. ಆದರೆ ಮನೆಯಲ್ಲಿ ಒಂದು ಮಾತು ಮೊದಲೇ ಆಡಿಕೊಂಡೆವು. ನಾಮಿನಿ ಅಂದರೆ ಬ್ಯಾಂಕಿನಿಂದ ದುಡ್ಡು ಪಡೆಯುವವರು, ಅಷ್ಟೇ. ಆ ದುಡ್ಡಿನ ಒಡೆತನ ವಾರಸುದಾರರದ್ದೇ. ಇದನ್ನು ಹೇಳದೆ ಒಬ್ಬರ ಹೆಸರು ಹಾಕಿದರೆ ಉಳಿದವರ ಮನಸ್ಸಿಗೆ ಸುಮ್ನೆ ನೋವಾಗುತ್ತದೆ.

ಈಗ ನಿಯಮ ಬದಲಾಗಿದೆ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ಠೇವಣಿಗಳಲ್ಲಿ ಒಟ್ಟಿಗೆ ಇಷ್ಟಿಷ್ಟು ಪಾಲು ಅಂತ ಹಂಚಬಹುದು, ಪಾಲುಗಳೆಲ್ಲ ಸೇರಿ 100 ಪ್ರತಿಶತ ಆಗಬೇಕು. ಇಲ್ಲವೇ ಒಬ್ಬರಾದ ಮೇಲೆ ಒಬ್ಬರು ಅಂತ ಸರದಿ ಹಾಕಬಹುದು. ಲಾಕರಿಗೆ ಸರದಿ ಮಾತ್ರ. ನಮ್ಮಂಥ ಪರಿಸ್ಥಿತಿಗೆ ಸರದಿಯೇ ಒಳ್ಳೆಯದು ಅಂತ ನನಗನ್ನಿಸುತ್ತದೆ, ಮೊದಲನೆಯವರು ಇಲ್ಲದಿದ್ದರೆ ಎರಡನೆಯವರು ಇರುತ್ತಾರೆ. ಹಾಗಾಗಿ ಮನೆಯಲ್ಲಿರುವ ಹಳೆಯ ಫಾರಂ ತುಂಬಬೇಡಿ, ಶಾಖೆಯಲ್ಲಿ ಈಗಿನದನ್ನೇ ಕೇಳಿ ಪಡೆಯಿರಿ.

ಅವತ್ತು ಅಪ್ಪ ಫಾರಂಗಳಿಗೆ ಸಹಿ ಹಾಕಿದ ಹತ್ತು ದಿನದ ಮೇಲೆ ಹೋಗಿ ಮೂರು ಎಫ್‌ಡಿ ರಸೀದಿಗಳನ್ನೂ ಮತ್ತೆ ಪ್ರಿಂಟ್ ಮಾಡಿಸಿದೆ. ಮೂರರಲ್ಲೂ ತಂಗಿಯ ಹೆಸರು ಬಂದಿತ್ತು. ಒಂದರಲ್ಲಿ ಇನಿಷಿಯಲ್ ತಪ್ಪಾಗಿತ್ತು, ಅಲ್ಲೇ ನಿಂತು ಸರಿ ಮಾಡಿಸಿಕೊಂಡೆ. ಅಮ್ಮನ ಹೆಸರಿದ್ದ ಹಳೆಯ ರಸೀದಿಯನ್ನು ಅಪ್ಪ ಎಸೆಯಲು ಬಿಡಲಿಲ್ಲ. ಅದು ಅವರ ಬೀರುವಿನಲ್ಲೇ ಇದೆ.