ಟ್ಯಾಂಕ್ ತೊಳೆಸಿದ ಮೇಲೆ ನಲ್ಲಿ ನೀರು ಅಡ್ಡಾದಿಡ್ಡಿ: ನನ್ನ ಅನುಭವ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಹೋದ ತಿಂಗಳು ಮೇಲಿನ ಟ್ಯಾಂಕ್ ತೊಳೆಸಿದೆವು. ಮರುದಿನವೇ ವಾಷ್‌ಬೇಸಿನ್ ನಲ್ಲಿಯ ನೀರು ಪಕ್ಕಕ್ಕೆ ಚಿಮ್ಮತೊಡಗಿತು. ಶವರ್‌ನಲ್ಲೂ ಅರ್ಧ ತೂತು ಕಟ್ಟಿಕೊಂಡಿದ್ದವು. ಟ್ಯಾಂಕಿನ ತಳದ ಮರಳು ಕದಡಿ ಪೈಪಿಗೆ ಇಳಿದಿತ್ತು.

ನಲ್ಲಿಯ ತುದಿಯ ಜಾಲರಿಗೆ ದಪ್ಪ ಬಟ್ಟೆ ಸುತ್ತಿ ಕೈಯಲ್ಲೇ ತಿರುಗಿಸಿದೆ, ಬಿಚ್ಚಿತು. ಸುಮ್ನೆ ಇಕ್ಕಳ ಹಾಕಬೇಡಿ, ಹೊಳಪಿನ ಮೇಲೆ ಹಲ್ಲಿನ ಗೀರು ಬಿದ್ದರೆ ಹೋಗುವುದಿಲ್ಲ. ಒಳಗಿನ ಬಿಲ್ಲೆಗಳು ಯಾವ ಕ್ರಮದಲ್ಲಿದ್ದವು ಎಂದು ಫೋಟೋ ತೆಗೆದುಕೊಂಡೆ.

ಮರಳು ಕೂರುವುದು ನೀರು ಬರುವ ಕಡೆ. ಅದಕ್ಕೇ ಜಾಲರಿಯನ್ನು ತಿರುವಿ ಹಿಡಿದು ನೀರು ಬಿಟ್ಟೆ, ಹಳೆ ಟೂತ್‌ಬ್ರಷ್‌ನಿಂದ ಉಜ್ಜಿದೆ. ಪಿನ್ನು ಚುಚ್ಚಿದರೆ ತೂತು ಅಗಲವಾಗುತ್ತದೆ, ಮತ್ತೆ ಅದೇ ಅಡ್ಡ ನೀರು. ಮರಳು ಹೋದರೂ ಬಿಳಿ ಪದರ ಉಳಿದಿತ್ತು. ಅದು ಗಡಸು ನೀರಿನ ಸುಣ್ಣ. ಸಮ ನೀರು ಬೆರೆಸಿದ ಬಿಳಿ ವಿನೆಗರ್‌ನಲ್ಲಿ ಜಾಲರಿಯನ್ನಷ್ಟೇ 20 ನಿಮಿಷ ನೆನೆಸಿದೆ. ಹೊಳೆಯುವ ಹೊರಕವಚವನ್ನು ಅದರಲ್ಲಿ ಹಾಕಲಿಲ್ಲ. ಬಾತ್‌ರೂಮ್ ಆಸಿಡ್ ಅಂತೂ ಬೇಡವೇ ಬೇಡ, ಕ್ರೋಮ್ ತಿಂದುಬಿಡುತ್ತದೆ.

ಶವರ್‌ನ ರಬ್ಬರ್ ತುದಿಗಳನ್ನು ಹೆಬ್ಬೆರಳಿನಿಂದ ತಿಕ್ಕಿದ್ದೇ ಸಾಕಾಯಿತು, ಶವರ್ ಬಿಚ್ಚಿ ಒಳಗಿನ ಮರಳನ್ನು ಕೊಡವಿದೆ.

ಜಾಲರಿ ಜೋಡಿಸುವ ಮೊದಲು ಬರೀ ನಲ್ಲಿಯಿಂದ ಒಂದು ಬಕೆಟ್ ನೀರು ಬಿಟ್ಟೆ. ಬಕೆಟ್ ತಳದಲ್ಲಿ ಇನ್ನೂ ಚಿಟಿಕೆ ಮರಳಿತ್ತು! ಇನ್ನೊಂದು ಬಕೆಟ್ ಬಿಟ್ಟ ಮೇಲೆ ಶುದ್ಧ ನೀರು ಬಂತು. ವಾಷರ್ ಕೂರಿಸಿ ಕೈಯಲ್ಲೇ ಬಿಗಿ ಮಾಡಿದೆ. ಈಗ ನೀರು ನೇರವಾಗಿ ಬೀಳುತ್ತಿದೆ.